ರಾಗಿಯೂ ಗಿರಣಿಯೂ

ತುಂಗೆಯ ದಡದ ಶಿವಮೊಗ್ಗೆಗೂ ಭದ್ರೆಯ ದಡದ ಭದ್ರಾವತಿಗೂ ನಡುವೆ ಇರುವ ದೂರ ಬಸ್ಸಿನಲ್ಲಿ ಒಂದು ಸಣ್ಣ ನಿದ್ದೆಯಷ್ಟು. ಆದರೆ ಊಟದ ಎಲೆಯಿಂದ ಅಳೆಯುವುದಾದರೆ ಈ ದೂರ ಇನ್ನೂ ಸ್ವಲ್ಪ ಹೆಚ್ಚು. ಶಿವಮೊಗ್ಗೆಯಿಂದ ಪಶ್ಚಿಮಕ್ಕೆ ಮುಖ ಮಾಡಿದರೆ ಮಲೆನಾಡಿನ ಅಕ್ಕಿ; ಭದ್ರಾವತಿಯಿಂದ ತರೀಕೆರೆ, ಕಡೂರುಗಳ ಕಡೆಗೆ ಸರಿದಂತೆಲ್ಲ ಬಯಲಿನ ರಾಗಿ. ಕಬ್ಬಿಣದ ಕಾರ್ಖಾನೆಯೂ ಕಾಗದದ ಕಾರ್ಖಾನೆಯೂ ನಾಲ್ಕು ದಿಕ್ಕಿನ ಜನರನ್ನು ಕರೆದು ತಂದ ಮೇಲೆ ಭದ್ರಾವತಿಯ ಅಡುಗೆಮನೆಗಳಲ್ಲಿ ಮುದ್ದೆಯೂ ಅನ್ನವೂ ಚಪಾತಿಯೂ ಒಂದೇ ಒಲೆಯ ಮೇಲೆ ನೆರೆಹೊರೆಯವರಾದವು. ಈ ನೆರೆಹೊರೆ ನೂರಕ್ಕೆ ತೊಂಬತ್ತೊಂಬತ್ತು ಮನೆಗಳಲ್ಲಿ ಸೌಖ್ಯವನ್ನೇ ತಂದಿದೆ. ಅದು ಸಂಕಟ ತರುವ ಮನೆ ಎಲ್ಲೋ ಒಂದು ಇರುತ್ತದೆ. ಅಂಥ ಒಂದು ಮನೆಯ ಕಥೆಯೇ ಇಲ್ಲಿನ ವಿಷಯ.

ಅದನ್ನು ಹೇಳುವ ಮುನ್ನ ರೋಗದ ಪರಿಚಯವಾಗಬೇಕು. ವೈದ್ಯರು ಅದನ್ನು ಸೀಲಿಯಾಕ್ ರೋಗವೆನ್ನುತ್ತಾರೆ. ಗೋಧಿಯಲ್ಲಿ ಗ್ಲುಟೆನ್ ಎಂಬ ಅಂಟುಗುಣದ ಸಸಾರಜನಕ ವಸ್ತುವೊಂದುಂಟು. ಚಪಾತಿಯ ಹಿಟ್ಟು ಎಳೆದಷ್ಟೂ ಹಿಗ್ಗುವುದು, ಬ್ರೆಡ್ಡು ಉಬ್ಬಿ ನಿಲ್ಲುವುದು, ಎಲ್ಲವೂ ಅದರ ಮಹಿಮೆ. ಬಾರ್ಲಿಯಲ್ಲಿಯೂ ರೈ ಧಾನ್ಯದಲ್ಲಿಯೂ ಅದರ ದಾಯಾದಿಗಳಿವೆ. ಕೆಲವರ ದೇಹ ಮಾತ್ರ ಈ ವಸ್ತುವನ್ನು ಶತ್ರುವೆಂದು ಬಗೆದು ಅದರ ಮೇಲೆ ಯುದ್ಧ ಹೂಡುತ್ತದೆ. ಯುದ್ಧಭೂಮಿ ಸಣ್ಣ ಕರುಳು. ಅಲ್ಲಿ ಆಹಾರದ ಸಾರವನ್ನು ಹೀರಿಕೊಳ್ಳಲು ಮಖಮಲ್ಲಿನ ಎಳೆಗಳಂತೆ ಎದ್ದು ನಿಂತಿರುವ ಸೂಕ್ಷ್ಮ ಕುಚ್ಚುಗಳಿವೆ. ಈ ಹೋರಾಟದಲ್ಲಿ ಅವು ಸವೆದು ನೆಲಸಮವಾಗುತ್ತವೆ. ಆ ಮೇಲೆ ಎಷ್ಟು ಉಂಡರೂ ಕಬ್ಬಿಣದಂಶ ರಕ್ತಕ್ಕೆ ಸೇರದು, ಸುಣ್ಣದಂಶ ಮೂಳೆಗೆ ಸೇರದು. ತಟ್ಟೆ ತುಂಬಿದ್ದರೂ ದೇಹ ಉಪವಾಸ.

ಊಟವೇ ರೋಗ, ಊಟವೇ ಔಷಧ ಎಂಬುದನ್ನು ಇಂಗ್ಲೆಂಡಿನ ಸ್ಯಾಮ್ಯುಯೆಲ್ ಗೀ ಎಂಬ ವೈದ್ಯ ೧೮೮೮ರಲ್ಲಿಯೇ ಊಹಿಸಿದ್ದ. ಆದರೆ ಅಪರಾಧಿ ಯಾರೆಂಬುದು ಅವನಿಗೆ ತಿಳಿದಿರಲಿಲ್ಲ. ಅದನ್ನು ಹಿಡಿದುಕೊಟ್ಟವನು ಹಾಲೆಂಡಿನ ಮಕ್ಕಳ ವೈದ್ಯ ವಿಲ್ಲೆಮ್ ಡಿಕೆ. ೧೯೪೪-೪೫ರ ಚಳಿಗಾಲದಲ್ಲಿ ಯುದ್ಧದ ಕಾರಣ ಆ ದೇಶದಲ್ಲಿ ಬ್ರೆಡ್ಡಿಗೆ ಭೀಕರ ಬರ ಬಂತು. ಊರೆಲ್ಲ ಹಸಿವಿನಿಂದ ಕೃಶವಾಗುತ್ತಿದ್ದಾಗ ಈ ರೋಗದ ಮಕ್ಕಳು ಮಾತ್ರ ಚೇತರಿಸಿಕೊಳ್ಳುತ್ತಿದ್ದರು. ಬ್ರೆಡ್ಡು ಮರಳಿ ಬಂದೊಡನೆ ಮತ್ತೆ ಹಾಸಿಗೆ ಹಿಡಿದರು. ಗೋಧಿಯ ಮೇಲೆ ಡಿಕೆಗೆ ಮೊದಲೇ ಇದ್ದ ಸಂಶಯ ಇದರಿಂದ ಗಟ್ಟಿಯಾಯಿತು. ೧೯೫೦ರಲ್ಲಿ ಅವನು ತನ್ನ ಪ್ರೌಢಪ್ರಬಂಧವನ್ನು ಉಟ್ರೆಕ್ಟಿನ ವಿಶ್ವವಿದ್ಯಾಲಯಕ್ಕೆ ಒಪ್ಪಿಸಿದ. ಅಂದಿನಿಂದ ಇಂದಿನವರೆಗೆ ಈ ರೋಗಕ್ಕೆ ಇರುವ ಚಿಕಿತ್ಸೆ ಒಂದೇ: ಗ್ಲುಟೆನ್ನನ್ನು ಬಾಳಿನುದ್ದಕ್ಕೂ ಬಿಡುವುದು.

ದಕ್ಷಿಣದವರಿಗೆ ಈ ರೋಗದ ಹೆಸರು ಅಪರಿಚಿತವಾಗಿರುವುದಕ್ಕೆ ಕಾರಣವುಂಟು. ೨೦೧೬ರಲ್ಲಿ ಪ್ರಕಟವಾದ ಒಂದು ದೊಡ್ಡ ಸಮೀಕ್ಷೆ ಭಾರತದ ವಯಸ್ಕರಲ್ಲಿ ಇದನ್ನು ಎಣಿಸಿ ನೋಡಿತು. ಉತ್ತರದಲ್ಲಿ ನೂರಕ್ಕೆ ಒಬ್ಬರಿಗಿಂತ ತುಸು ಹೆಚ್ಚು, ದಕ್ಷಿಣದಲ್ಲಿ ಸಾವಿರಕ್ಕೆ ಸುಮಾರು ಒಬ್ಬರು. ಆ ಸಾವಿರದಲ್ಲೊಬ್ಬರು ಶಿವಮೊಗ್ಗ, ಭದ್ರಾವತಿಗಳಲ್ಲಿ ಇರಲೇಬಾರದೆಂದು ಯಾವ ವಿಧಿಯೂ ಇಲ್ಲ.

ಭದ್ರಾವತಿಯ ಹಳೆಯ ನಗರದ ಒಬ್ಬ ಗುಮಾಸ್ತರ ಮಗಳು ಅಂಥವಳು. ಹನ್ನೊಂದು ವರ್ಷದ ಹುಡುಗಿ, ಎಂಟು ವರ್ಷದವಳಂತೆ ಕಾಣುತ್ತಿದ್ದಳು. ಹೊಟ್ಟೆ ಉಬ್ಬರ, ಆಗಾಗ ಭೇದಿ, ಮುಖದಲ್ಲಿ ರಕ್ತವಿಲ್ಲ. ಜಂತುಹುಳುವಿನ ಔಷಧಿಯಾಯಿತು, ಕಬ್ಬಿಣದ ಗುಳಿಗೆಯಾಯಿತು, ದೃಷ್ಟಿ ತೆಗೆದದ್ದೂ ಆಯಿತು. ಕೊನೆಗೆ ಶಿವಮೊಗ್ಗೆಯ ದುರ್ಗಿಗುಡಿಯ ಒಬ್ಬ ವೈದ್ಯರು ರಕ್ತದಲ್ಲಿ ಟಿಟಿಜಿ ಎಂಬ ಪ್ರತಿಕಾಯವನ್ನು ಅಳೆಯಿಸಿದರು. ಅದು ಇರಬೇಕಾದ ಮಿತಿಯ ಹತ್ತು ಪಟ್ಟಿಗಿಂತ ಮೇಲಿತ್ತು. ಬಾಯಿಯಿಂದ ನಳಿಕೆ ಇಳಿಸಿ ಕರುಳಿನ ಚೂರು ತೆಗೆದು ನೋಡಿದಾಗ ಕುಚ್ಚುಗಳು ಸವೆದಿದ್ದುದು ಖಚಿತವಾಯಿತು. ಈ ಪರೀಕ್ಷೆಗಳೆಲ್ಲ ಮುಗಿಯುವವರೆಗೆ ಹುಡುಗಿಗೆ ಚಪಾತಿ ನಿಲ್ಲಿಸಬೇಡಿರೆಂದು ವೈದ್ಯರು ಹೇಳಿದ್ದರು. ಈ ಮಾತು ಮುಖ್ಯವಾದದ್ದು. ನೆರೆಯವರ ಮಾತು ಕೇಳಿ ಮೊದಲೇ ಗೋಧಿ ಬಿಟ್ಟುಬಿಟ್ಟರೆ ಪ್ರತಿಕಾಯ ಇಳಿಯುತ್ತದೆ, ಕರುಳು ಮಾಯತೊಡಗುತ್ತದೆ. ಆಗ ರೋಗವಿದೆಯೋ ಇಲ್ಲವೋ ಎಂಬುದನ್ನು ಯಾವ ಪರೀಕ್ಷೆಯೂ ನಿಸ್ಸಂದೇಹವಾಗಿ ಹೇಳಲಾರದು.

ಗೋಧಿ ಬಂದ್ ಎಂದ ಕೂಡಲೇ ಹುಡುಗಿಯ ಅಜ್ಜಿ ಕೇಳಿದ ಮೊದಲನೆಯ ಪ್ರಶ್ನೆ, “ಹಾಗಾದರೆ ರಾಗಿ? ರಾಗಿಯಲ್ಲೂ ಈ ಅಂಟು ಇದೆಯೇ ಡಾಕ್ಟರೇ?”

“ಇಲ್ಲ ಅಜ್ಜಿ, ರಾಗಿಯಲ್ಲಿ ಅದು ಇಲ್ಲ. ಧಾರಾಳವಾಗಿ ಕೊಡಿ” ಎಂದರು ವೈದ್ಯರು.

ಈ ಉತ್ತರ ಅಕ್ಷರಶಃ ಸತ್ಯ. ಅದನ್ನು ಯಾವ ಗೃಹಿಣಿ ಬೇಕಾದರೂ ತನ್ನ ಅಡುಗೆಮನೆಯಲ್ಲಿಯೇ ಕಂಡುಕೊಳ್ಳಬಹುದು. ಗೋಧಿಹಿಟ್ಟನ್ನು ಕಲಸಿ, ಅರ್ಧ ಗಂಟೆ ನೆನೆಯಿಟ್ಟು, ನೀರಿನ ಪಾತ್ರೆಯಲ್ಲಿ ಮೆಲ್ಲಗೆ ಹಿಚುಕುತ್ತ ತೊಳೆದರೆ ಹಾಲಿನಂಥ ಗಂಜಿಯೆಲ್ಲ ನೀರಿಗೆ ಇಳಿದು, ಕೈಯಲ್ಲಿ ರಬ್ಬರಿನಂತೆ ಎಳೆಯಬಹುದಾದ ಬೂದುಬಣ್ಣದ ಉಂಡೆಯೊಂದು ಉಳಿಯುತ್ತದೆ. ಅದೇ ಗ್ಲುಟೆನ್. ರಾಗಿಹಿಟ್ಟನ್ನು ಹಾಗೆ ತೊಳೆದರೆ ಎಲ್ಲವೂ ಕರಗಿ ಕದಡಿ ಹೋಗುತ್ತದೆ. ಕೈಯಲ್ಲಿ ಉಳಿಯುವುದು ನಾಲ್ಕು ಚೂರು ತೌಡು. ರಾಗಿಹಿಟ್ಟನ್ನು ತಣ್ಣೀರಿನಲ್ಲಿ ಕಲಸಿ ಲಟ್ಟಿಸಲು ಹೊರಟವರಿಗೆ ಈ ಸತ್ಯ ಗೊತ್ತು. ಅದು ಬಿರಿಯುತ್ತದೆ, ಹಿಗ್ಗುವುದಿಲ್ಲ. ಆದ್ದರಿಂದಲೇ ರೊಟ್ಟಿಯನ್ನು ತಟ್ಟಬೇಕು, ಮುದ್ದೆಯನ್ನು ಕುದಿಯುವ ಎಸರಿನಲ್ಲಿ ತೊಳಸಬೇಕು. ಮುದ್ದೆ ಒಂದಾಗಿ ನಿಲ್ಲುವುದು ಗ್ಲುಟೆನ್ನಿನ ಬಲದಿಂದಲ್ಲ, ಬಿಸಿನೀರಿನಲ್ಲಿ ಬೆಂದು ಉಬ್ಬಿದ ಪಿಷ್ಟದ ಬಲದಿಂದ. ರಾಗಿಯೂ ಗೋಧಿಯೂ ಹುಲ್ಲಿನ ವಂಶದವೇ ಆದರೂ ಬೇರೆ ಬೇರೆ ಕವಲಿನವು. ಜೋಳ, ನವಣೆ, ಸಜ್ಜೆ, ಅಕ್ಕಿಗಳೂ ಈ ದೋಷದಿಂದ ದೂರ. ಜೊತೆಗೆ ನೂರು ಗ್ರಾಂ ರಾಗಿಯಲ್ಲಿ ಸುಮಾರು ೩೫೦ ಮಿಲಿಗ್ರಾಂ ಸುಣ್ಣದಂಶವಿದೆ. ಮೂಳೆ ಸೊರಗಿದ ಮಗುವಿಗೆ ಇದಕ್ಕಿಂತ ಒಳ್ಳೆಯ ಧಾನ್ಯ ಸಿಕ್ಕುವುದು ಕಷ್ಟ.

ಅಜ್ಜಿಗೆ ಹಿಗ್ಗೋ ಹಿಗ್ಗು. ಸೊಸೆ ಬಂದ ಮೇಲೆ ಮನೆಯಲ್ಲಿ ಚಪಾತಿಯ ರಾಜ್ಯವಾಗಿತ್ತು. ಈಗ ವೈದ್ಯರೇ ಮುದ್ದೆಗೆ ಪಟ್ಟ ಕಟ್ಟಿದರು. ತರೀಕೆರೆಯ ಕಡೆಯ ಹೊಲದಿಂದ ರಾಗಿ ಬಂತು. ಹುಡುಗಿಗೆ ಬೆಳಿಗ್ಗೆ ಗಂಜಿ, ಎರಡು ಹೊತ್ತು ಮುದ್ದೆ. ಮೊದಲ ತಿಂಗಳು ಭೇದಿ ಕಡಿಮೆಯಾಯಿತು, ಮುಖಕ್ಕೆ ಸ್ವಲ್ಪ ಕಳೆ ಬಂತು. ಆಮೇಲೆ ಏರುತ್ತಿದ್ದ ಬಂಡಿ ದಿಬ್ಬದ ನಡುವೆ ನಿಂತುಬಿಟ್ಟಿತು. ಆರು ತಿಂಗಳಿಗೆ ಮತ್ತೆ ರಕ್ತ ಪರೀಕ್ಷಿಸಿದಾಗ ಪ್ರತಿಕಾಯ ಇಳಿದಿತ್ತು, ನಿಜ. ಆದರೆ ಮಿತಿಯ ನಾಲ್ಕು ಪಟ್ಟಿನಲ್ಲಿ ಕಾಲೂರಿ ಕೂತಿತ್ತು. ರಕ್ತದ ಹಿಮೋಗ್ಲೋಬಿನ್ ಎಂಟರ ಆಸುಪಾಸು ಬಿಟ್ಟು ಮೇಲೇರಿರಲಿಲ್ಲ.

ಕೂಡಲೇ ಮನೆಯಲ್ಲಿ ಸಂಶಯದ ವಿಚಾರಣೆ ಆರಂಭವಾಯಿತು. ತಾಯಿಗೆ ರಾಗಿಯ ಮೇಲೆ, ಅಜ್ಜಿಗೆ ವೈದ್ಯರ ಮೇಲೆ, ತಂದೆಗೆ ಹುಡುಗಿ ಶಾಲೆಯಲ್ಲಿ ಕದ್ದು ತಿನ್ನುವ ಬಿಸ್ಕತ್ತಿನ ಮೇಲೆ. ಹುಡುಗಿ ಅಳುತ್ತ ದೇವರ ಮೇಲೆ ಆಣೆಯಿಟ್ಟಳು. ಪ್ರತಿಕಾಯ ಇಳಿಯಲು ತಿಂಗಳುಗಳೇ ಬೇಕು, ಕೆಲವರಿಗೆ ವರ್ಷವೂ ಹಿಡಿಯುತ್ತದೆ ಎಂಬುದನ್ನು ವೈದ್ಯರು ತಿಳಿಸಿದರು. ಆದರೆ ಹೀಗೆ ನಡುದಾರಿಯಲ್ಲಿ ನಿಂತಾಗ ಹೊಸ ರೋಗವನ್ನು ಹುಡುಕುವ ಮೊದಲು, ಅರಿವಿಲ್ಲದೆ ಹೊಟ್ಟೆಗೆ ಸೇರುತ್ತಿರುವ ಗೋಧಿಯನ್ನು ಹುಡುಕಬೇಕು. ಬಹುಪಾಲು ಮನೆಗಳಲ್ಲಿ ಕಾರಣ ಅಲ್ಲಿಯೇ ಸಿಕ್ಕುತ್ತದೆ. ಅವರು ಒಂದೇ ಪ್ರಶ್ನೆ ಕೇಳಿದರು: “ರಾಗಿಯನ್ನು ಎಲ್ಲಿ ಬೀಸಿಸುತ್ತೀರಿ?”

“ಇನ್ನೆಲ್ಲಿ? ಬೀದಿಯ ಕೊನೆಯ ಗಿರಣಿಯಲ್ಲಿ.”

ಗಿರಣಿಯವನು ಪ್ರಾಮಾಣಿಕ. ಗುಮಾಸ್ತರು ಹೋಗಿ ಕೇಳಿದಾಗ ಅವನಿಗೆ ನೋವೇ ಆಯಿತು. “ಸ್ವಾಮಿ, ನಿಮ್ಮ ರಾಗಿಗೆ ಒಂದು ಕಾಳು ಬೇರೆ ಬೆರೆಸಿದ್ದರೆ ಕೇಳಿ” ಎಂದ. ಅವನು ಬೆರೆಸಿರಲಿಲ್ಲ, ಬೆರೆಸಿದ್ದು ಗಿರಣಿಯ ಕಲ್ಲು. ರಾಗಿಯ ಹಿಂದಿನ ಸರದಿಯಲ್ಲಿ ಯಾರದೋ ಹತ್ತು ಕಿಲೋ ಗೋಧಿ ಇಳಿದಿರುತ್ತದೆ. ಕಲ್ಲಿನ ಹಲ್ಲುಗಳ ಸಂದಿನಲ್ಲಿ, ಹಿಟ್ಟು ಸುರಿಯುವ ಬಟ್ಟೆಯ ತೋಳಿನಲ್ಲಿ, ಕಾಳು ಸುರಿಯುವ ಬಾಯಿಯ ಅಂಚಿನಲ್ಲಿ ಅದರ ಹಿಟ್ಟು ಉಳಿಯುತ್ತದೆ. ಮುಂದಿನವರ ರಾಗಿ ಅದನ್ನೆಲ್ಲ ಗುಡಿಸಿಕೊಂಡು ಡಬ್ಬಿಗೆ ಬೀಳುತ್ತದೆ. ಇಷ್ಟು ದಿನ ಇದು ಯಾರಿಗೂ ಕಾಣಲಿಲ್ಲ, ಏಕೆಂದರೆ ಯಾರಿಗೂ ಇದರಿಂದ ಏನೂ ಆಗುತ್ತಿರಲಿಲ್ಲ.

ಒಂದು ಹಿಡಿ ಹಿಟ್ಟಿನಿಂದ ಏನಾದೀತು ಎಂದು ಕೇಳುವವರು ಒಂದು ಸಣ್ಣ ಲೆಕ್ಕವನ್ನು ನೋಡಬೇಕು. ಗೋಧಿಹಿಟ್ಟಿನ ತೂಕದಲ್ಲಿ ಸರಿಸುಮಾರು ಹತ್ತನೆಯ ಒಂದು ಪಾಲು ಗ್ಲುಟೆನ್. ಗ್ಲುಟೆನ್ ಇಲ್ಲದ ಆಹಾರವೆಂದು ಕರೆಯಿಸಿಕೊಳ್ಳಬೇಕಾದರೆ ಒಂದು ಕಿಲೋಗ್ರಾಂನಲ್ಲಿ ಅದು ೨೦ ಮಿಲಿಗ್ರಾಂ ಮೀರಕೂಡದೆಂದು ಭಾರತದ ಕಾನೂನೂ ಅಂತರರಾಷ್ಟ್ರೀಯ ಆಹಾರ ನಿಯಮವೂ ಹೇಳುತ್ತವೆ. ೨೦ ಮಿಲಿಗ್ರಾಂ ಗ್ಲುಟೆನ್ ಎಂದರೆ ೨೦೦ ಮಿಲಿಗ್ರಾಂ ಗೋಧಿಹಿಟ್ಟು, ಅಂದರೆ ಒಂದು ಕಿಲೋ ರಾಗಿಹಿಟ್ಟಿಗೆ ಬೆರಳ ತುದಿಯ ಒಂದು ಚಿಟಿಕೆ. ಈಗ ಗಿರಣಿಗೆ ಬನ್ನಿ. ಗುಮಾಸ್ತರ ನಾಲ್ಕು ಕಿಲೋ ರಾಗಿಗೆ ಕಲ್ಲಿನಲ್ಲಿ ಉಳಿದಿದ್ದ ನಲವತ್ತು ಗ್ರಾಂ ಗೋಧಿಹಿಟ್ಟು ಸೇರಿತೆಂದು ಇಟ್ಟುಕೊಳ್ಳಿ. ಕಿಲೋಗೆ ಹತ್ತು ಗ್ರಾಂ ಹಿಟ್ಟಾಯಿತು, ಒಂದು ಗ್ರಾಂ ಗ್ಲುಟೆನ್ನಾಯಿತು. ಅದು ಮಿತಿಯ ಐವತ್ತು ಪಟ್ಟು!

ಹುಡುಗಿ ದಿನಕ್ಕೆ ತಿನ್ನುತ್ತಿದ್ದ ರಾಗಿಹಿಟ್ಟು ಸುಮಾರು ೧೫೦ ಗ್ರಾಂ. ಅದರಲ್ಲಿ ೧೫೦ ಮಿಲಿಗ್ರಾಂ ಗ್ಲುಟೆನ್ ಹೊಟ್ಟೆಗೆ ಹೋಯಿತು. ಮೂವತ್ತು ಗ್ರಾಂ ಹಿಟ್ಟಿನ ಒಂದು ಚಪಾತಿಯಲ್ಲಿ ಸುಮಾರು ೩,೦೦೦ ಮಿಲಿಗ್ರಾಂ ಇರುವುದರಿಂದ ಇದು ಚಪಾತಿಯ ಇಪ್ಪತ್ತನೆಯ ಒಂದು ಪಾಲು. ಕಾಗೆಗೆ ಎಸೆಯುವ ಒಂದು ಚೂರು. ದಿನಕ್ಕೆ ಹತ್ತು ಮಿಲಿಗ್ರಾಂವರೆಗೆ ಬಹಳ ಮಂದಿ ರೋಗಿಗಳು ತಾಳಿಕೊಳ್ಳುತ್ತಾರೆ. ಐವತ್ತು ಮಿಲಿಗ್ರಾಂ ಮೂರು ತಿಂಗಳು ಸತತವಾಗಿ ಹೊಟ್ಟೆಗೆ ಬಿದ್ದರೆ ಕರುಳಿನ ಕುಚ್ಚುಗಳು ಸವೆಯುತ್ತವೆಂಬುದನ್ನು ವೈದ್ಯಶಾಸ್ತ್ರ ಪರೀಕ್ಷಿಸಿ ಕಂಡಿದೆ. ತಾಯಿ ಮನೆಯಲ್ಲಿ ಚಪಾತಿಯ ಡಬ್ಬಿಗೆ ಬೀಗ ಹಾಕಿ, ಮುದ್ದೆಯೊಳಗೆ ಅದೇ ಚಪಾತಿಯ ಚೂರೊಂದನ್ನು ದಿನವೂ ಅಡಗಿಸಿ ಬಡಿಸುತ್ತಿದ್ದಂತಾಯಿತು. ಭೇದಿ ನಿಲ್ಲುವಷ್ಟು ಕಡಿಮೆ, ಕರುಳು ಮಾಯದಿರುವಷ್ಟು ಹೆಚ್ಚು.

“ಕೊತಕೊತ ಕುದಿಯುವ ಎಸರಿನಲ್ಲಿ ಬೆಂದ ಮೇಲೂ ಆ ಅಂಟು ಸಾಯುವುದಿಲ್ಲವೇ?” ಎಂದು ಅಜ್ಜಿ ಕೇಳಿದರು. ಸಾಯುವುದಿಲ್ಲ. ಅದು ಕ್ರಿಮಿಯಲ್ಲ, ಆಹಾರದ ಅಂಶ. ಬೇಯಿಸಿದ ಚಪಾತಿ ಹೇಗೆ ತೊಂದರೆ ಕೊಡುತ್ತದೆಯೋ ಹಾಗೆಯೇ ಬೇಯಿಸಿದ ಮುದ್ದೆಯೊಳಗಿನ ಗೋಧಿಯೂ ಕೊಡುತ್ತದೆ. ಮೊದಲು ಹೇಳಿದ ತೊಳೆಯುವ ಪರೀಕ್ಷೆಯೂ ಇಲ್ಲಿ ನೆರವಿಗೆ ಬಾರದು. ಕಿಲೋಗೆ ಒಂದು ಗ್ರಾಂ ಅಂಟು ಕೈಗೆ ಸಿಕ್ಕುವುದಿಲ್ಲ, ಕಣ್ಣಿಗೂ ನಾಲಗೆಗೂ ಕಾಣುವುದಿಲ್ಲ. ಪ್ರಯೋಗಾಲಯ ಮಾತ್ರ ಅದನ್ನು ಅಳೆಯಬಲ್ಲದು.

ಗಿರಣಿಯವನು ಒಂದು ಉಪಾಯ ಸೂಚಿಸಿದ. ಮೊದಲು ಒಂದು ಕಿಲೋ ಅಕ್ಕಿ ಬೀಸಿ ಕಲ್ಲನ್ನು ತೊಳೆದಂತೆ ಮಾಡಿ, ಆಮೇಲೆ ರಾಗಿ ಹಾಕುವುದು. ಅವನ ಒಳ್ಳೆಯ ಮನಸ್ಸಿಗೆ ನಮಸ್ಕಾರ. ಆದರೆ ಉಳಿದಿದ್ದ ನಲವತ್ತು ಗ್ರಾಂನಲ್ಲಿ ಮೂವತ್ತಾರನ್ನು ಅಕ್ಕಿ ಹೊತ್ತುಕೊಂಡು ಹೋದರೂ ನಾಲ್ಕು ಗ್ರಾಂ ನಿಲ್ಲುತ್ತದೆ. ಕಿಲೋಗೆ ಒಂದು ಗ್ರಾಂ ಹಿಟ್ಟು, ೧೦೦ ಮಿಲಿಗ್ರಾಂ ಗ್ಲುಟೆನ್. ಇನ್ನೂ ಮಿತಿಯ ಐದು ಪಟ್ಟು. ಮೇಲಾಗಿ ಗಿರಣಿಯ ಗಾಳಿಯೆಲ್ಲ ಗೋಧಿಯ ಧೂಳು. ತೆರೆದಿಟ್ಟ ಡಬ್ಬಿಗೆ ಅದು ಕರೆಯದೆ ಬರುವ ಅತಿಥಿ.

ಕೊನೆಗೆ ದಾರಿ ತೋರಿದ್ದು ಅಜ್ಜಿಯ ಜರಡಿ. ಹಿಟ್ಟಿಗೆ ಬೆರೆತ ಹಿಟ್ಟನ್ನು ಬೇರ್ಪಡಿಸಲು ಬ್ರಹ್ಮನಿಗೂ ಆಗದು. ಆದರೆ ಕಾಳಿಗೆ ಬೆರೆತ ಕಾಳನ್ನು ಬೇರ್ಪಡಿಸಲು ಅಜ್ಜಿ ಸಾಕು. ರಾಗಿಯ ಕಾಳು ಸಾಸಿವೆಯಷ್ಟು. ಗೋಧಿಯ ಕಾಳು ಅದರ ಮೂರು ನಾಲ್ಕು ಪಟ್ಟು ಉದ್ದ. ಸಣ್ಣ ಕಣ್ಣಿನ ಜರಡಿಯಲ್ಲಿ ಆಡಿಸಿದರೆ ರಾಗಿ ಕೆಳಗೆ ಇಳಿಯುತ್ತದೆ, ಗೋಧಿ ಮೇಲೆ ಕೂರುತ್ತದೆ. ಈ ಕಡೆಯ ರಾಗಿಯ ಹೊಲದಲ್ಲಿ ಅಕ್ಕಡಿ ಸಾಲಿಗೆ ಅವರೆ, ತೊಗರಿ, ಸಾಸಿವೆಗಳಿರುತ್ತವೆಯೇ ವಿನಾ ಗೋಧಿ ಇರುವುದಿಲ್ಲ. ಆದ್ದರಿಂದ ಹೊಲದ ರಾಗಿ ಶುದ್ಧ. ಮಂಡಿಯ ಹಳೆಯ ಗೋಣಿಯಲ್ಲಿ ನಾಲ್ಕು ಗೋಧಿಕಾಳು ಸೇರಬಹುದು. ಅವನ್ನು ಜರಡಿ ತಡೆಯುತ್ತದೆ. ಕಾಳಿಗೆ ಅಂಟಿದ ಧೂಳನ್ನು ನೀರು ತೊಳೆಯುತ್ತದೆ. ರಾಗಿಯನ್ನು ಕಾಳಾಗಿಯೇ ಕೊಳ್ಳಬೇಕು, ಹಿಟ್ಟಾಗಿ ಕೊಳ್ಳಬಾರದು ಎಂಬುದು ಆ ಮನೆಯ ಮೊದಲನೆಯ ಕಾಯಿದೆಯಾಯಿತು.

ಎರಡನೆಯದು ಬೀಸುವ ವಿಷಯ. ಜರಡಿಯಾಡಿಸಿದ ರಾಗಿಯನ್ನು ಮೂರು ನಾಲ್ಕು ನೀರಿನಲ್ಲಿ ತೊಳೆದು, ಕಲ್ಲು ಗಾಳಿಸಿ, ಒಗೆದ ಬಟ್ಟೆಯ ಮೇಲೆ ಎರಡು ದಿನ ಬಿಸಿಲಿಗೆ ಹಾಕಿದರು. ಒಣಗಿದ್ದು ಸಾಲದಾದರೆ ಹಿಟ್ಟು ಮುಗ್ಗುತ್ತದೆ. ಕಾಳನ್ನು ಕಚ್ಚಿದರೆ ಕಟ್ ಎನ್ನಬೇಕು. ಬಳಿಕ ಮನೆಯ ಮಿಕ್ಸಿಯಲ್ಲಿ, ಹೊಸದಾಗಿ ತಂದ ಜಾರಿನಲ್ಲಿ, ಒಂದು ಸಲಕ್ಕೆ ಒಂದು ಲೋಟದಂತೆ ಪುಡಿ ಮಾಡಿ, ಹೊಸ ಜರಡಿಯಲ್ಲಿ ಹಿಡಿದರು. ಹಳೆಯ ಹಿಟ್ಟಿನ ಜರಡಿಯ ಕಣ್ಣುಗಳಲ್ಲಿ ವರ್ಷಗಳ ಗೋಧಿ ಕೂತಿರುತ್ತದೆ, ಎಷ್ಟು ಬಡಿದರೂ ಹೋಗುವುದಿಲ್ಲ. ಮಿಕ್ಸಿಯ ಹಿಟ್ಟು ಗಿರಣಿಯ ಹಿಟ್ಟಿನಷ್ಟು ನುಣುಪಲ್ಲ. ಮೊದಲ ವಾರದ ಮುದ್ದೆಗಳು ಗಂಟುಗಂಟಾಗಿ, ಅಜ್ಜಿಯ ಕೀರ್ತಿಗೆ ಕುಂದು ತಂದವು. ಬಳಿಕ ಅಜ್ಜಿ ಎಸರಿಗೆ ಮೊದಲು ಎರಡು ಚಮಚೆ ಹಿಟ್ಟನ್ನು ತಣ್ಣೀರಿನಲ್ಲಿ ಕದಡಿ ಹಾಕಿ ಅಂಬಲಿಯಂತೆ ಕುದಿಸಿ, ಅನಂತರ ಉಳಿದ ಹಿಟ್ಟು ಸುರಿದು, ಉರಿ ತಗ್ಗಿಸಿ, ಹೆಚ್ಚು ಹೊತ್ತು ಬೇಯಲು ಬಿಟ್ಟರು, ಗಂಟು ಮಾಯವಾಯಿತು. ಹಿಟ್ಟು ತೊಳಸುವ ಕೋಲು ಹೊಸದಾಯಿತು. ಚಪಾತಿಯ ಮಣೆ, ಲಟ್ಟಣಿಗೆ, ಕಾವಲಿಗಳಿಗೆ ಬೇರೆ ಗೂಡು ದೊರೆಯಿತು. ಮಡಿ ಮೈಲಿಗೆಗಳ ಶಾಸ್ತ್ರದಲ್ಲಿ ಪಳಗಿದ ಅಜ್ಜಿಗೆ ಈ ಹೊಸ ಮಡಿ ಒಂದೇ ದಿನದಲ್ಲಿ ಅಭ್ಯಾಸವಾಯಿತು. ಸೊಸೆ ಕಲಿಯಲು ತಿಂಗಳು ಹಿಡಿಯಿತು.

ಆದರೂ ಒಂದು ಕಳ್ಳ ಉಳಿದಿದ್ದ. ಅವನು ಒಗ್ಗರಣೆಯ ಡಬ್ಬಿಯಲ್ಲಿದ್ದ. ಅಂಗಡಿಯಲ್ಲಿ ಸಿಕ್ಕುವ ಇಂಗು ಬಹುಮಟ್ಟಿಗೆ ಶುದ್ಧ ಇಂಗಲ್ಲ. ಅದರ ಕಟುತ್ವ ತಗ್ಗಿಸಲು ಗೋಂದನ್ನೂ ಹಿಟ್ಟನ್ನೂ ಸೇರಿಸಿರುತ್ತಾರೆ. ಆ ಹಿಟ್ಟು ಅನೇಕ ವೇಳೆ ಗೋಧಿಯದು, ಮೈದಾದ್ದು. ಡಬ್ಬಿಯ ಮೇಲಿನ ಸಣ್ಣ ಅಕ್ಷರವನ್ನು ಗುಮಾಸ್ತರು ಕನ್ನಡಕ ಹಾಕಿ ಓದಿದ ದಿನ ಬಸ್ಸಾರಿನಿಂದ ಇಂಗು ಹೊರನಡೆಯಿತು. ಅದೇ ಕನ್ನಡಕ ಇನ್ನೂ ಕೆಲವರನ್ನು ಹಿಡಿಯಿತು. ಹೆಸರಿಗೆ ರಾಗಿ ಬಿಸ್ಕತ್ತು, ಒಳಗೆ ಮೊದಲನೆಯ ವಸ್ತು ಮೈದಾ. ಹೆಸರಿಗೆ ರಾಗಿ ಶಾವಿಗೆ, ಎಳೆ ಕಡಿಯದಿರಲೆಂದು ಗೋಧಿ. ಮಾಲ್ಟ್ ಎಂಬ ಮಾತಿನಲ್ಲಂತೂ ಎರಡು ಅರ್ಥ. ರಾಗಿಯನ್ನು ಮೊಳಕೆ ಕಟ್ಟಿ, ಒಣಗಿಸಿ, ಹುರಿದು ಬೀಸಿದ ಹಿಟ್ಟಿಗೂ ಮಾಲ್ಟ್ ಎನ್ನುತ್ತಾರೆ; ಅದರಲ್ಲಿ ದೋಷವಿಲ್ಲ. ಬಾರ್ಲಿಯ ಮೊಳಕೆಯ ಸಾರಕ್ಕೂ ಮಾಲ್ಟ್ ಎನ್ನುತ್ತಾರೆ. ಅದು ಈ ಹುಡುಗಿಗೆ ವರ್ಜ್ಯ. ಡಬ್ಬಿಯ ಮುಂಭಾಗದ ಚಿತ್ರವನ್ನು ನೋಡಿ ಕೊಳ್ಳುವವನು ಮೋಸ ಹೋಗುತ್ತಾನೆ. ಹಿಂಭಾಗದ ಪಟ್ಟಿಯನ್ನು ಓದುವವನು ಪಾರಾಗುತ್ತಾನೆ. ಬೀಸಲು ಬಿಡುವಿಲ್ಲದ ಮನೆಯವರು, ಗ್ಲುಟೆನ್ ಇಲ್ಲವೆಂದು ಕಾನೂನಿನಂತೆ ಮುದ್ರಿಸಿದ ರಾಗಿಹಿಟ್ಟನ್ನು ಕೊಳ್ಳಬಹುದು. ಬೆಲೆ ಹೆಚ್ಚು, ಆದರೆ ೨೦ ಮಿಲಿಗ್ರಾಂನ ಹೊಣೆ ಮಾರುವವನದು. ಬರಿಯ ‘ಶುದ್ಧ ರಾಗಿ’ ಎಂಬ ಮಾತಿಗೆ ಆ ಹೊಣೆ ಇಲ್ಲ.

ಒಂಬತ್ತು ತಿಂಗಳ ಮೇಲೆ ಹುಡುಗಿಯ ರಕ್ತ ಮತ್ತೆ ಶಿವಮೊಗ್ಗೆಗೆ ಹೋಯಿತು. ಪ್ರತಿಕಾಯ ಮಿತಿಯ ಒಳಗೆ ಬರಲು ಇನ್ನು ಕೂದಲೆಳೆಯಷ್ಟೇ ಬಾಕಿ. ಹಿಮೋಗ್ಲೋಬಿನ್ ಹನ್ನೊಂದನ್ನು ದಾಟಿತ್ತು. ಹಳೆಯ ಲಂಗಗಳು ಗಿಡ್ಡವಾಗತೊಡಗಿದ್ದವು. ಎಂಟು ವರ್ಷದ ತಮ್ಮನಿಗೆ ಯಾವ ಲಕ್ಷಣವೂ ಇರಲಿಲ್ಲ. ಆದರೂ ಈ ರೋಗ ಒಡಹುಟ್ಟಿದವರನ್ನು ಹುಡುಕಿಕೊಂಡು ಬರುವ ಸಂಭವ ಹೆಚ್ಚೆಂದು ವೈದ್ಯರು ಅವನ ರಕ್ತವನ್ನೂ ತಂದೆತಾಯಿಗಳ ರಕ್ತವನ್ನೂ ಪರೀಕ್ಷಿಸಿದರು, ಅವರೆಲ್ಲ ನಿರಾಳ. ಆ ಸಂತೋಷಕ್ಕೆ ತಮ್ಮನಿಗೆ ಚಪಾತಿ ಸಿಕ್ಕಿತು, ಅವನದೇ ತಟ್ಟೆಯಲ್ಲಿ, ಮೇಜಿನ ಇನ್ನೊಂದು ತುದಿಯಲ್ಲಿ.

ರಾಗಿಯ ಮೇಲಿನ ಮೊಕದ್ದಮೆ ಹೀಗೆ ಖುಲಾಸೆಯಾಯಿತು. ಅದರ ಕಾಳಿನಲ್ಲಿ ಗ್ಲುಟೆನ್ ಇಲ್ಲ, ಎಂದೂ ಇರಲಿಲ್ಲ. ದೋಷ ಬಂದದ್ದು ಸಹವಾಸದಿಂದ. ಹೊಲದಿಂದ ಶುದ್ಧವಾಗಿ ಬಂದ ಧಾನ್ಯ ತಟ್ಟೆಯನ್ನು ಸೇರುವಷ್ಟರಲ್ಲಿ ಯಾರ ಯಾರ ಕಲ್ಲಿನ ನಡುವೆ ಹಾದುಬಂತು ಎಂದು ಕೇಳುವುದು ಸೀಲಿಯಾಕ್ ರೋಗವಿರುವ ಮನೆಯವರ ಹಕ್ಕು, ಕರ್ತವ್ಯ ಕೂಡ. ಗಿರಣಿಯವನ ಸಿಟ್ಟೂ ಇಳಿದಿದೆ. ಈಗ ಆ ಬೀದಿಯಲ್ಲಿ ಯಾರಾದರೂ ತಮ್ಮ ಮನೆಯಲ್ಲಿ ಗೋಧಿ ಆಗದವರಿದ್ದಾರೆಂದು ಹೇಳಿ ರಾಗಿಯ ಡಬ್ಬಿ ಇಟ್ಟರೆ ಅವನು ಡಬ್ಬಿಯನ್ನು ಮುಟ್ಟದೆ, “ಸ್ವಾಮಿ, ಇದು ನನ್ನ ಕಲ್ಲಿನಲ್ಲಿ ಬೇಡ, ಮನೆಯಲ್ಲೇ ಬೀಸಿಕೊಳ್ಳಿ” ಎನ್ನುತ್ತಾನೆ.